ದೀಪಾವಳಿಗೆ ಒಂಬತ್ತು ದಿನ: ಲೀವು ಮೂರೋ, ನಾಲ್ಕೋ, ಎಂಟೋ?

2025ರ ಅಕ್ಟೋಬರ್ ಕ್ಯಾಲೆಂಡರ್ ನೋಡಿ ಆಸೆಪಡದವರು ಕಡಿಮೆ. 18 ಶನಿವಾರ, 19 ಭಾನುವಾರ, 20 ಸೋಮವಾರ ನರಕ ಚತುರ್ದಶಿ. 22 ಬುಧವಾರ ಬಲಿಪಾಡ್ಯಮಿ. ನಡುವೆ ಒಂದು ಮಂಗಳವಾರ ಸುಮ್ನೆ ಕೂತಿದೆ. ಅದಕ್ಕೊಂದು ಲೀವು, ಗುರುವಾರ ಶುಕ್ರವಾರಕ್ಕೆ ಎರಡು ಲೀವು ಹಾಕಿದರೆ 18ರಿಂದ 26ರವರೆಗೆ ಒಂಬತ್ತು ದಿನ ಊರಲ್ಲಿರಬಹುದು. ವಾಟ್ಸ್ಆ್ಯಪ್‌ನಲ್ಲಿ ಜನವರಿಯಿಂದಲೇ ಈ ಲೆಕ್ಕ ಓಡಾಡುತ್ತಿತ್ತು. ಮೂರು ಹಾಕಿ, ಒಂಬತ್ತು ಪಡೆಯಿರಿ ಅಂತ.

ಆ ಲೆಕ್ಕ ತಪ್ಪಲ್ಲ, ಆದರೆ ಅರ್ಧ ಲೆಕ್ಕ. ನಾನಿರುವುದು ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಅಕೌಂಟ್ಸ್‌ನಲ್ಲಿ. ವಾಹನಗಳ ಬಿಡಿಭಾಗ ಮಾಡಿ ಹೊರರಾಜ್ಯಕ್ಕೂ ಕಳಿಸುವ ಕಂಪನಿ. ಅಕೌಂಟ್ಸ್‌ನಲ್ಲಿ ಮೂರೇ ಜನ. ಇಂಥ ಕಡೆ ರಜೆ ಸಿಗುವುದು ಕಷ್ಟವಲ್ಲ, ಕೇಳಿದರೆ ಸಾಹೇಬರು ಕೊಡುತ್ತಾರೆ. ಕಷ್ಟ ಇರುವುದು ನಾಲ್ಕನೇ ದಿನ ಊರಲ್ಲಿ ಅಡಿಕೆ ಅಂಗಳದಲ್ಲಿ ನಿಂತು ಓಟಿಪಿ ಓದಿ ಹೇಳುವ ಪರಿಸ್ಥಿತಿ ಬರದ ಹಾಗೆ ನೋಡಿಕೊಳ್ಳುವುದರಲ್ಲಿ.

ಮೊದಲು ಲೀವಿನ ಲೆಕ್ಕವನ್ನೇ ನೋಡೋಣ. ಸರ್ಕಾರ ಹೊರಡಿಸುವ ರಜಾ ಪಟ್ಟಿ ಬೇರೆ, ನಮ್ಮ ಕಂಪನಿ ಗೋಡೆಗೆ ಅಂಟಿಸುವ ಪಟ್ಟಿ ಬೇರೆ. ಕರ್ನಾಟಕದ ಕಾರ್ಖಾನೆಗಳಿಗೆ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅಂತ ಒಂದಿದೆ. ಅದರಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಇವಲ್ಲದೆ ಐದು ಹಬ್ಬದ ರಜೆ. ಆ ಐದರಲ್ಲಿ ಯುಗಾದಿ, ಗಣೇಶ ಚೌತಿ, ಆಯುಧಪೂಜೆ ಅಂತ ಹಂಚಿಹೋದ ಮೇಲೆ ಎಷ್ಟೋ ಕಡೆ ದೀಪಾವಳಿಗೆ ಉಳಿಯುವುದು ಒಂದೇ ದಿನ. ನಮ್ಮಲ್ಲಿ ಅದೃಷ್ಟಕ್ಕೆ ಎರಡೂ ದಿನ ಇದೆ, ಆಫೀಸಿನವರಿಗೆ ಶನಿವಾರವೂ ರಜೆ. ಶಾಪ್ ಫ್ಲೋರ್‌ನವರಿಗೆ ಭಾನುವಾರ ಮಾತ್ರ. ಅಂದರೆ ನಾನು ಮನೆಯಲ್ಲಿದ್ದಾಗಲೂ 18ರ ಶನಿವಾರ ಮಷೀನು ಓಡುತ್ತೆ, ಮಾಲು ಹೊರಡುತ್ತೆ, ಬಿಲ್ ಆಗಬೇಕು. ಸರ್ಕಾರಿ ನೌಕರರಿಗೂ ಆ 18 ಕೆಲಸದ ದಿನವೇ, ಯಾಕಂದ್ರೆ ಅದು ಮೂರನೇ ಶನಿವಾರ. ಅವರಿಗೆ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರ. ಆ ನಾಲ್ಕನೇ ಶನಿವಾರ ಕೂಡ 2019ರಲ್ಲಿ ಬಿಟ್ಟಿಯಾಗಿ ಬರಲಿಲ್ಲ, ಹದಿನೈದಿದ್ದ ಸಿಎಲ್ ಹತ್ತಕ್ಕೆ ಇಳಿಯಿತು.

ಆಮೇಲೆ ಸ್ಯಾಂಡ್‌ವಿಚ್ ರೂಲ್. ಎರಡು ಲೀವಿನ ನಡುವೆ ಸಿಕ್ಕಿಬಿದ್ದ ರಜೆಯನ್ನೂ ಲೀವು ಅಂತಲೇ ಎಣಿಸುವ ಪದ್ಧತಿ. ನಮ್ಮಲ್ಲೂ ಇದೆ. ಈಗ ಎಣಿಸಿ. 21, 23, 24ಕ್ಕೆ ಲೀವು ಹಾಕಿದರೆ 22ರ ಬಲಿಪಾಡ್ಯಮಿ 21 ಮತ್ತು 23ರ ನಡುವೆ ಸಿಕ್ಕಿತು. ಮೂರು ಹೋಗಿ ನಾಲ್ಕಾಯಿತು. 20ರ ಸೋಮವಾರ ಬಚಾವು, ಅದರ ಹಿಂದಿನ ಶುಕ್ರವಾರ ನಾನು ಕೆಲಸಕ್ಕೆ ಬಂದಿರುತ್ತೇನಲ್ಲ. 25, 26 ಕೂಡ ಬಚಾವು, 27ಕ್ಕೆ ಹಾಜರಾದರೆ. ಇಷ್ಟಕ್ಕೆ ನಿಂತರೆ ಪರವಾಗಿಲ್ಲ, ನಾಲ್ಕು ಲೀವಿಗೆ ಒಂಬತ್ತು ದಿನ ಒಳ್ಳೆಯ ವ್ಯಾಪಾರವೇ.

ಆದರೆ ಹೇಗೂ ಹೋಗ್ತಿದ್ದೀನಿ, 17ರ ಶುಕ್ರವಾರವೂ ಒಂದು ಹಾಕಿಬಿಡೋಣ ಅಂತ ಮನಸ್ಸು ಮಾಡಿದಿರೋ, ಅಲ್ಲಿಗೆ ಮುಗೀತು. ಈಗ 17 ಮತ್ತು 21ರ ನಡುವೆ ಶನಿವಾರ, ಭಾನುವಾರ, ಹಬ್ಬದ ಸೋಮವಾರ ಮೂರೂ ಸಿಕ್ಕಿಬಿದ್ದವು. 17ರಿಂದ 24ರವರೆಗೆ ಒಂದೂ ಬಿಡದೆ ಎಂಟು ಲೀವು. ಒಂದು ದಿನ ಜಾಸ್ತಿ ಇರಲು ಹೋಗಿ ಖರ್ಚು ನಾಲ್ಕರಿಂದ ಎಂಟಕ್ಕೆ ಹಾರಿತು. ಸಂಬಳದ ಚೀಟಿ ಬಂದಾಗ ಇದು ಗೊತ್ತಾಗಿ ಎಚ್‌ಆರ್ ಜೊತೆ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಕೆಲವು ಕಡೆ ವಾರದ ರಜೆ ಮಾತ್ರ ಎಣಿಸುತ್ತಾರೆ, ಹಬ್ಬದ ರಜೆ ಎಣಿಸುವುದಿಲ್ಲ. ಕೆಲವು ಕಡೆ ಈ ರೂಲೇ ಇಲ್ಲ. ಬಾಯಿಮಾತು ನಂಬದೆ ಅರ್ಜಿಗೆ ಮೊದಲೇ ಒಂದು ಮೇಲ್ ಹಾಕಿ ಕೇಳುವುದು ವಾಸಿ. ಇನ್ನೊಂದು ಮಾತು, ಶಾಪ್ ಫ್ಲೋರ್ ಕಾರ್ಮಿಕರ ವಿಷಯ ಬೇರೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಂ ಪ್ರಕಾರ ಅವರ ಗಳಿಕೆ ರಜೆಯಲ್ಲಿ ನಡುವೆ ಬಂದ ರಜಾದಿನವನ್ನಾಗಲಿ, ಆಚೀಚೆ ಬಂದದ್ದನ್ನಾಗಲಿ ಸೇರಿಸುವ ಹಾಗಿಲ್ಲ. ಸ್ಯಾಂಡ್‌ವಿಚ್ ಅವರ ತಟ್ಟೆಗೆ ಬರಬಾರದು.

ನಾನು 17ಕ್ಕೆ ಲೀವು ಹಾಕಲಿಲ್ಲ. ಎರಡು ಗಂಟೆ ಪರ್ಮಿಷನ್ ತಗೊಂಡು ಸಂಜೆಯ ಪಂಚಗಂಗಾ ಹಿಡಿದೆ. ಊರು ಕುಮಟಾ ಕಡೆ. ಆ ರೈಲಿನ ಟಿಕೆಟ್ ಹಬ್ಬದ ವಾರ ಹೇಗೆ ಖಾಲಿಯಾಗುತ್ತೆ ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಅಕ್ಟೋಬರ್ 17ರ ಟಿಕೆಟ್ ತೆರೆದದ್ದು ಆಗಸ್ಟ್ 18ಕ್ಕೆ. ಹಾಗಾಗಿ ಲೀವಿನ ಮಾತು ಆಗಸ್ಟ್ ಮೊದಲ ವಾರದಲ್ಲೇ ಮುಗಿಯಬೇಕು. ನಮ್ಮಲ್ಲಿ ಎಷ್ಟೋ ಜನ ಟಿಕೆಟ್ ಮಾಡಿಸಿ ಆಮೇಲೆ ಲೀವು ಕೇಳುತ್ತಾರೆ. ಟಿಕೆಟ್ ತೋರಿಸಿ ಕೇಳಿದರೆ ಅದು ಕೇಳಿದ ಹಾಗಲ್ಲ, ಹೆದರಿಸಿದ ಹಾಗೆ.

ಇಲ್ಲಿಂದ ಮುಂದಿನದ್ದೇ ನಿಜವಾದ ಕೆಲಸ. ರಜೆ ಹಿಡಿಯುವವರೆಲ್ಲ ಹಬ್ಬದ ಕ್ಯಾಲೆಂಡರ್ ಒಂದನ್ನೇ ನೋಡುತ್ತಾರೆ. ಅದರ ಪಕ್ಕದಲ್ಲಿ ಕೆಲಸದ ಕ್ಯಾಲೆಂಡರ್ ಇಟ್ಟು ನೋಡಬೇಕು. ಅಕೌಂಟ್ಸ್‌ನಲ್ಲಿ ಅದು ಕಲ್ಲಿನಲ್ಲಿ ಕೊರೆದ ಹಾಗಿರುತ್ತೆ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ನೋಡಿ, 20 ಅಂದರೆ ನರಕ ಚತುರ್ದಶಿ. ಎಣ್ಣೆಸ್ನಾನದ ದಿನ ತೆರಿಗೆ ರಿಟರ್ನ್.

3ಬಿ ಬೇಗ ಮುಗಿಸಿಬಿಡೋಣ ಅಂದರೂ ಅದಕ್ಕೊಂದು ಮಿತಿ ಇದೆ. ನಮಗೆ ಮಾಲು ಕೊಟ್ಟವರು ಹಾಕಿದ ಬಿಲ್ಲುಗಳೆಲ್ಲ ಸೇರಿ ನಮ್ಮ ಜಿಎಸ್‌ಟಿಆರ್-2ಬಿ ತಯಾರಾಗುವುದು 14ನೇ ತಾರೀಕು. ಅದು ಬಾರದೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ನಮಗೆ ಸಿಗುವ ಕಡಿತ, ಎಷ್ಟು ಅಂತ ಗೊತ್ತಾಗಲ್ಲ. ಅಂದರೆ ನನ್ನ ಕೈಯಲ್ಲಿದ್ದದ್ದು 14ರ ಮಂಗಳವಾರದಿಂದ 17ರ ಶುಕ್ರವಾರದವರೆಗೆ, ನಾಲ್ಕೇ ಕೆಲಸದ ದಿನ. ಸಾಲದ್ದಕ್ಕೆ ಆ ಸೆಪ್ಟೆಂಬರ್ ಎಂಥದ್ದು! 22ರಿಂದ ಹೊಸ ಜಿಎಸ್‌ಟಿ ದರ ಬಂತು. ಬಿಡಿಭಾಗಗಳಲ್ಲಿ ಎಷ್ಟೋ 28ರಿಂದ 18ಕ್ಕೆ ಇಳಿದವು. ಒಂದೇ ತಿಂಗಳಲ್ಲಿ ಎರಡು ದರದ ಬಿಲ್ಲು. 22ಕ್ಕೆ ಮೊದಲು ಹೋದ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೇ 28ರಲ್ಲೇ ಆಗಬೇಕು. ಇದನ್ನು ಬಿಟ್ಟುಹೋದರೆ ನನ್ನ ಜಾಗದಲ್ಲಿ ಕೂತವರು ಕಂಪ್ಯೂಟರ್ ತಾನಾಗಿ ತೋರಿಸುವ 18ನ್ನೇ ಒತ್ತುತ್ತಾರೆ, ಅವರದ್ದೇನೂ ತಪ್ಪಿಲ್ಲ. ಹಾಗಾಗಿ ನಾನು ಬರೆದಿಟ್ಟ ಚೀಟಿಯ ಮೊದಲ ಸಾಲೇ ಇದು: "ರಿಟರ್ನ್ ಮಾಲು ಬಂದರೆ ಮೊದಲು ಮೂಲ ಬಿಲ್ಲಿನ ತಾರೀಕು ನೋಡಿ. ಸೆ. 22ಕ್ಕೆ ಮುಂಚಿನದಾದರೆ ಹಳೇ ದರ. ಅನುಮಾನ ಬಂದರೆ ಮಾಲು ತಗೊಂಡು ಇಡಿ, ನೋಟ್ ನಾನು 27ಕ್ಕೆ ಮಾಡುತ್ತೇನೆ." ಕೊನೆಯ ವಾಕ್ಯವೇ ಮುಖ್ಯ. ಏನು ಮಾಡಬೇಕು ಅನ್ನುವುದರ ಜೊತೆಗೆ ಯಾವುದನ್ನು ಮಾಡದೆ ಬಿಟ್ಟರೂ ನಡೆಯುತ್ತೆ ಅಂತ ಬರೆದಿಟ್ಟರೆ ಪಾಪ ಆ ಕಡೆಯವರು ನೆಮ್ಮದಿಯಾಗಿರುತ್ತಾರೆ.

3ಬಿಗೆ ಇನ್ನೊಂದು ಬಾಗಿಲಿದೆ, ಎಷ್ಟೋ ಜನ ಅದನ್ನು ಬಳಸುವುದಿಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ನಿಜವಾಗಿ ಕಚ್ಚುವುದು ಬಡ್ಡಿ. ಆದರೆ 2024ರ ಜುಲೈನಲ್ಲಿ ತಂದ ತಿದ್ದುಪಡಿ ಪ್ರಕಾರ ಕೊನೆಯ ದಿನದೊಳಗೆ ದುಡ್ಡನ್ನು ಜಿಎಸ್‌ಟಿ ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ ಕಟ್ಟಿ, ರಿಟರ್ನ್ ಹಾಕುವವರೆಗೆ ಮುಟ್ಟದೆ ಅಲ್ಲೇ ಬಿಟ್ಟಿದ್ದರೆ ಆ ದುಡ್ಡಿಗೆ ಬಡ್ಡಿ ಬೀಳುವುದಿಲ್ಲ. ಹಾಗಾಗಿ 15ರಂದೇ ಅಂದಾಜು ಲೆಕ್ಕಕ್ಕೆ ಸ್ವಲ್ಪ ಜಾಸ್ತಿಯೇ ಸೇರಿಸಿ ಚಲನ್ ಕಟ್ಟಿಸಿದೆ. ಏನೋ ಅಡ್ಡಿ ಬಂದು ರಿಟರ್ನ್ ನಿಂತರೂ ನಷ್ಟ ನೂರಿನ್ನೂರು ರೂಪಾಯಿ ಲೇಟ್ ಫೀ, ಅಷ್ಟೇ.

ಸಾಹೇಬರು ಅಂದರು, "ಹಬ್ಬ ಅಲ್ವಾ, ಎಕ್ಸ್‌ಟೆನ್ಷನ್ ಕೊಡ್ತಾರಂತೆ. ಯಾಕಿಷ್ಟು ಅವಸರ ಮಾಡ್ತೀರಿ?"

"ಕೊಡಬಹುದು ಸರ್. ಕೊಟ್ಟಿದ್ದು ಗೊತ್ತಾಗೋ ಹೊತ್ತಿಗೆ ನಾನು ರೈಲಿಂದ ಇಳಿದಿರ್ತೀನಿ."

ಹಾಗೇ ಆಯಿತು. ಕೊನೆಯ ದಿನವನ್ನು 25ಕ್ಕೆ ಮುಂದೂಡಿದ ಅಧಿಸೂಚನೆ ಬಂದದ್ದು 18ರ ತಾರೀಕಿನದು. ಅದನ್ನು ನಂಬಿ ಕೂತಿದ್ದರೆ ನನ್ನ 3ಬಿ ನಾನಿಲ್ಲದ ವಾರದ ಮಧ್ಯಕ್ಕೆ ಹೋಗಿ ಕೂರುತ್ತಿತ್ತು. ನಾವು 16ಕ್ಕೇ ಹಾಕಿ ಮುಗಿಸಿದ್ದೆವು.

ರಿಟರ್ನ್ ತಯಾರಿದ್ದರೆ ಸಾಲದು, ಸಹಿ ಬೇಕಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದ್ದರಿಂದ ಡಿಜಿಟಲ್ ಸಹಿಯೇ ಬೇಕು. ಪೆನ್ ಡ್ರೈವ್ ಥರದ ಒಂದು ಟೋಕನ್, ಅದಕ್ಕೊಂದು ಪಿನ್. ಪೀಣ್ಯದ ಮುಕ್ಕಾಲು ಪಾಲು ಆಫೀಸುಗಳಲ್ಲಿ ಆ ಟೋಕನ್ ಅಕೌಂಟೆಂಟ್ ಡ್ರಾಯರ್‌ನಲ್ಲಿರುತ್ತೆ, ಪಿನ್ ಟೋಕನ್ನಿಗೇ ಬಿಳಿ ಟೇಪಿನಲ್ಲಿ ಅಂಟಿಸಿರುತ್ತೆ. ರಜೆಗೆ ಹೋಗುವವರು ಅದನ್ನೇ ಪಕ್ಕದವರ ಕೈಗಿಟ್ಟು ಬ್ಯಾಕಪ್ ಆಯಿತು ಅನ್ನುತ್ತಾರೆ. ಮೊದಲನೆಯದಾಗಿ ಅದು ಸಾಹೇಬರ ಸಹಿ, ಇನ್ನೊಬ್ಬರು ಒತ್ತುವ ಹಾಗಿಲ್ಲ. ಎರಡನೆಯದು, ಗಾಬರಿಯಲ್ಲಿ ಪಿನ್ ಮತ್ತೆ ಮತ್ತೆ ತಪ್ಪು ಹೊಡೆದರೆ ಟೋಕನ್ ಲಾಕ್ ಆಗುತ್ತೆ. ಹಬ್ಬದ ವಾರದಲ್ಲಿ ಅದನ್ನು ಸರಿಮಾಡಿಕೊಡುವವನ ಅಂಗಡಿಯೂ ಬಾಗಿಲು ಹಾಕಿರುತ್ತೆ. ಸರಿಯಾದ ದಾರಿ ಅಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎರಡನೇ ಅಧಿಕೃತ ಸಹಿದಾರರನ್ನು ಸೇರಿಸುವುದು. ಅದು ನಾನ್-ಕೋರ್ ತಿದ್ದುಪಡಿ, ಅಧಿಕಾರಿ ಒಪ್ಪಿಗೆಗೆ ಕಾಯಬೇಕಿಲ್ಲ. ನಮ್ಮಲ್ಲಿ ಇನ್ನೊಬ್ಬ ಡೈರೆಕ್ಟರ್, ಅಂದರೆ ಸಾಹೇಬರ ಮಗಳು, ಈಗ ತಮ್ಮದೇ ಟೋಕನ್ ಮಾಡಿಸಿಕೊಂಡು ಸಹಿ ಹಾಕುತ್ತಾರೆ.

ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲಿನದ್ದೂ ಅದೇ ಕತೆ. ಮೊದಲೆಲ್ಲ ಒಂದೇ ಲಾಗಿನ್, ಎಲ್ಲರಿಗೂ ಪಾಸ್‌ವರ್ಡ್ ಬಾಯಿಪಾಠ. 2025ರ ಏಪ್ರಿಲ್‌ನಿಂದ ಎಲ್ಲರಿಗೂ ಓಟಿಪಿ ಕಡ್ಡಾಯವಾಯಿತು. ಪಾಸ್‌ವರ್ಡ್ ಗೊತ್ತಿದ್ದರೂ ಓಟಿಪಿ ಬರುವುದು ಆ ಲಾಗಿನ್‌ಗೆ ಕಟ್ಟಿದ ಮೊಬೈಲಿಗೆ. ನಮ್ಮೂರ ಮನೆಯಲ್ಲಿ ಸಿಗ್ನಲ್ ಹಿಡಿಯಬೇಕಾದರೆ ಕೊಟ್ಟಿಗೆ ದಾಟಿ ದರೆ ಮೇಲೆ ಹತ್ತಬೇಕು. ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡು ನನ್ನ ಸಿಗ್ನಲ್‌ಗೆ ಕಾಯುವುದು ಯಾವ ಸೀಮೆ ವ್ಯವಸ್ಥೆ? ಪೋರ್ಟಲ್‌ನಲ್ಲೇ ಸಬ್-ಯೂಸರ್ ಮಾಡಬಹುದು, ಅವರವರ ಮೊಬೈಲು, ಅವರವರ ಓಟಿಪಿ, ಎಷ್ಟು ಅಧಿಕಾರ ಬೇಕೋ ಅಷ್ಟಕ್ಕೇ ಟಿಕ್ಕು. ಐದು ನಿಮಿಷದ ಕೆಲಸ.

ಆದರೆ ಹಬ್ಬದ ವಾರದಲ್ಲಿ ಇ-ವೇ ಬಿಲ್ಲಿನ ನಿಜವಾದ ಗುಂಡಿ ಅದಲ್ಲ. 17ರ ಸಂಜೆ ಪುಣೆಗೆ ಮಾಲು ಹೊರಟಿತು ಅಂದುಕೊಳ್ಳಿ. ದೂರ ಸುಮಾರು 840 ಕಿ.ಮೀ. 200 ಕಿ.ಮೀ.ಗೆ ಒಂದು ದಿನದಂತೆ ಐದು ದಿನ ಅವಧಿ, ಅಂದರೆ 22ರ ಮಧ್ಯರಾತ್ರಿವರೆಗೆ. ಸಾಮಾನ್ಯ ವಾರದಲ್ಲಿ ಅಷ್ಟೊತ್ತಿಗೆ ಮಾಲು ಮುಟ್ಟಿ ದಿನಗಳಾಗಿರುತ್ತವೆ. ಹಬ್ಬದ ವಾರದಲ್ಲಿ ಏನಾಗುತ್ತೆ? ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ, ಮಾಲು ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲೇ ಮಲಗಿರುತ್ತೆ. ಅವಧಿ ವಿಸ್ತರಿಸುವುದು ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಮಾತ್ರ. ಲೆಕ್ಕ ಹಾಕಿ: ಬಲಿಪಾಡ್ಯಮಿ ದಿನ ಸಂಜೆ ನಾಲ್ಕರಿಂದ ಮಾರನೇ ದಿನ ಬೆಳಿಗ್ಗೆ ಎಂಟರೊಳಗೆ. ಗೋಪೂಜೆ ಮುಗಿಸಿ ದೀಪ ಹಚ್ಚುವ ಹೊತ್ತು. ಯಾರು ಮಾಡ್ತಾರೆ? ಮಾಡದೆ ಲಾರಿ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ.

ಇದಕ್ಕೆ ಬ್ಯಾಕಪ್ ಆಳು ಹುಡುಕುವುದಕ್ಕಿಂತ ಆ ಸಂದರ್ಭವೇ ಬರದ ಹಾಗೆ ಮಾಡಬಹುದು. ಬಿಲ್ಲಿನ ಅವಧಿ ಓಡಲು ಶುರುವಾಗುವುದು ಪಾರ್ಟ್-ಬಿಯಲ್ಲಿ ವಾಹನದ ನಂಬರ್ ತುಂಬಿದಾಗ. ಮಾಲಿನ ವಿವರದ ಪಾರ್ಟ್-ಎ ಮಾತ್ರ ಮಾಡಿಟ್ಟರೆ ಅದು ಹದಿನೈದು ದಿನ ಇರುತ್ತೆ. ನಮ್ಮ ಗೇಟಿನಿಂದ ಅದೇ ರಾಜ್ಯದೊಳಗೆ 50 ಕಿ.ಮೀ.ಗಿಂತ ಹತ್ತಿರವಿರುವ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಮುಟ್ಟಿಸಲು ಪಾರ್ಟ್-ಬಿ ಬೇಕಿಲ್ಲ. ಹಾಗಾಗಿ 15ನೇ ತಾರೀಕಿನಿಂದ ದೂರದ ಮಾಲಿಗೆಲ್ಲ ಪಾರ್ಟ್-ಎ ಮಾತ್ರ, ಟ್ರಾನ್ಸ್‌ಪೋರ್ಟರ್ ಐಡಿ ಹಾಕಿ ಬಿಡುವುದು ಅಂತ ಮಾಡಿದೆವು. ದೊಡ್ಡ ಲಾರಿ ನಿಜವಾಗಿ ಹೊರಡುವ ದಿನ ಅವರೇ ನಂಬರ್ ತುಂಬುತ್ತಾರೆ. ಡಿಸ್ಪ್ಯಾಚ್ ನೋಡುವ ಅಣ್ಣನಿಗೆ ಮೊದಲು ಇದು ಇಷ್ಟವಾಗಲಿಲ್ಲ. "ಪೂರ್ತಿ ಮಾಡಿ ಕಳಿಸಿದ್ರೆ ನಮ್ಮ ತಲೆನೋವು ಮುಗೀತು, ಅವರು ತುಂಬದೇ ಹೋದ್ರೆ?" ಅಂದ. ಸರಿಯಾದ ಪ್ರಶ್ನೆ. ಅದಕ್ಕೇ 23ರ ಬೆಳಿಗ್ಗೆ ಗೋಡೌನಿಗೊಂದು ಫೋನು ಅಂತ ಅವನ ಹೆಸರಲ್ಲೇ ಚೀಟಿಗೆ ಸೇರಿತು.

ಈಗ ಮನುಷ್ಯರ ವಿಷಯ. ಮೂವರಲ್ಲಿ ನಾನೊಬ್ಬ. ಬಿಲ್ಲು, ಇ-ವೇ, ಬ್ಯಾಂಕಿನ ಪಾವತಿ ಎಂಟ್ರಿ ನೋಡುವವನು ಬಿಹಾರದ ಹುಡುಗ. ಖರೀದಿ ಬಿಲ್ಲು, ಹಾಜರಾತಿ ನೋಡುವವರು ಮೇಡಂ, ಮನೆ ರಾಜಾಜಿನಗರದಲ್ಲೇ. ನಮ್ಮ ದೀಪಾವಳಿಗೆ ಹುಡುಗ ಇರುತ್ತಾನಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನ ಹಬ್ಬ ಛಠ್. ಅದು 25ಕ್ಕೆ ಶುರು, 27ರ ಸಂಜೆ ಮುಳುಗುವ ಸೂರ್ಯನಿಗೆ ಅರ್ಘ್ಯ, 28ರ ಬೆಳಿಗ್ಗೆ ಹುಟ್ಟುವ ಸೂರ್ಯನಿಗೆ. ರೈಲಿನಲ್ಲಿ ಎರಡು ದಿನ ಬೇಕು, ಅಂದರೆ 23ಕ್ಕೆ ಹೊರಡಬೇಕು. ನಾನು ಬರುವುದು 27ಕ್ಕೆ. 23 ಮತ್ತು 24 ಇಬ್ಬರೂ ಇಲ್ಲ.

ರಜಾ ಪಟ್ಟಿ ನೋಡಿ ಪ್ಲಾನ್ ಮಾಡಿದರೆ ಈ ಎರಡು ದಿನ ಕಣ್ಣಿಗೇ ಬೀಳುವುದಿಲ್ಲ, ಯಾಕಂದ್ರೆ ಛಠ್ ನಮ್ಮ ಪಟ್ಟಿಯಲ್ಲಿಲ್ಲ. ಅವನಾಗೇ ಬಂದು ಹೇಳುವುದೂ ಇಲ್ಲ, ಸಂಕೋಚ. ದೊಡ್ಡವರು ಮೊದಲು ಹಾಕಿಕೊಂಡಿದ್ದಾರೆ, ನಾನು ಹೇಗೆ ಕೇಳಲಿ ಅಂತ. ಜುಲೈ ಕೊನೆಯಲ್ಲಿ ನಾನೇ ಕೇಳಿದೆ, "ನಿನ್ನ ಹಬ್ಬ ಯಾವಾಗ? ತಾರೀಕು ಹೇಳು, ಆಮೇಲೆ ನನ್ನದು ಹಾಕ್ತೀನಿ." ಬೆಂಗಳೂರಿನ ಆಫೀಸುಗಳಲ್ಲಿ ಓಣಂ, ಪೊಂಗಲ್, ಛಠ್ ಎಲ್ಲ ಕೂತಿರುತ್ತವೆ. ಒಂದು ಹಾಳೆಯಲ್ಲಿ ಎಲ್ಲರ ಊರಿನ ತಾರೀಕೂ ಬರೆಸಿಟ್ಟರೆ ಸಾಕು.

ಆ ಎರಡು ದಿನಕ್ಕೆ ಏನು ಮಾಡಿದೆವು ಅಂದರೆ, ಕೆಲಸವನ್ನೇ ಕಡಿಮೆ ಮಾಡಿದೆವು. 27ರವರೆಗೆ ಬಾಕಿ ಬೀಳುವ ಸಪ್ಲೈಯರ್ ಹಣ ಎಲ್ಲ 16ಕ್ಕೇ ಕಳಿಸಿದೆವು. ಹಬ್ಬಕ್ಕೆ ಮೊದಲು ದುಡ್ಡು ಬಂತು ಅಂತ ಅವರಿಗೂ ಖುಷಿ. 23, 24ಕ್ಕೆ ಪಾವತಿ ಇಲ್ಲ ಅಂತ ಮೊದಲೇ ಮೇಲ್ ಹೋಯಿತು. ಉಳಿದದ್ದು ದಿನದ ಬಿಲ್ಲು ಮತ್ತು ಪಾರ್ಟ್-ಎ, ಅದು ಮೇಡಂಗೆ. ತೀರಾ ತುರ್ತಾದರೆ ಬ್ಯಾಂಕಿನಲ್ಲಿ ಎಂಟ್ರಿ ಮಾಡಲು ಅವರಿಗೆ ಮೇಕರ್ ಅಧಿಕಾರ ಕೊಡಿಸಿದೆವು. ಅಪ್ರೂವ್ ಮಾಡುವವರು ಸಾಹೇಬರೇ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುವುದರಿಂದ ಬ್ಯಾಂಕಿಗೆ ರಜೆ ಅನ್ನುವುದು ಈಗ ತೊಡಕೇ ಅಲ್ಲ. ತೊಡಕು ಇರುವುದು ಹೊಸ ಯೂಸರ್ ಸೇರಿಸುವ ಫಾರ್ಮು, ಬೋರ್ಡ್ ರೆಸಲ್ಯೂಷನ್ನು, ಬ್ರಾಂಚಿಗೆ ಓಡಾಟದಲ್ಲಿ. ಅಕ್ಟೋಬರ್ 1 ಆಯುಧಪೂಜೆ, 2ಕ್ಕೆ ವಿಜಯದಶಮಿಯೂ ಗಾಂಧಿ ಜಯಂತಿಯೂ ಒಟ್ಟಿಗೆ ಬಂದಿತ್ತು. ಅದಕ್ಕೇ ಸೆಪ್ಟೆಂಬರ್ ಮೊದಲ ವಾರದಲ್ಲೇ ಕಾಗದ ಕೊಟ್ಟೆವು.

ಆಮೇಲೆ 13ರಂದು ಒಂದು ಪೂರ್ತಿ ದಿನ ಮೇಡಂ ಬಿಲ್ಲು ಮಾಡಿದರು, ಹುಡುಗ ಪಕ್ಕದಲ್ಲಿ ಕೈಕಟ್ಟಿ ಕೂತ. ಮೌಸ್ ಮುಟ್ಟಬಾರದು ಅಂತ ಕರಾರು. ಬಿಲ್ಲು, ಇ-ವೇ ಎರಡೂ ಸಲೀಸಾಗಿ ಆದವು. ಬ್ಯಾಂಕಿಗೆ ಬಂದಾಗ ಓಟಿಪಿ ಬರಲೇ ಇಲ್ಲ. ನೋಡಿದರೆ ಫಾರ್ಮಿನಲ್ಲಿ ಅವರ ಹಳೇ ನಂಬರ್ ಹೋಗಿತ್ತು. ಸರಿಯಾಗಲು ಮೂರು ದಿನ ಹಿಡಿಯಿತು. ಇದೇ 23ಕ್ಕೆ ಗೊತ್ತಾಗಿದ್ದರೆ ಫೋನು ಬರುತ್ತಿದ್ದದ್ದು ಕುಮಟಾಕ್ಕೆ, ಅಥವಾ ಹುಡುಗ ಕೂತಿದ್ದ ರೈಲಿಗೆ. ಬರೆದಿಟ್ಟ ಚೀಟಿ ಎಷ್ಟೇ ಚೆನ್ನಾಗಿರಲಿ, ಬೇರೆಯವರ ಕೈಯಿಂದ ಒಂದು ಸಲ ಮಾಡಿಸಿ ನೋಡದಿದ್ದರೆ ಇಂಥವು ಹೊರಗೆ ಬರುವುದಿಲ್ಲ.

ಆ ಒಂಬತ್ತು ದಿನದಲ್ಲಿ ಆಫೀಸಿನಿಂದ ಫೋನು ಬಂದದ್ದು 24ರ ಮಧ್ಯಾಹ್ನ. ಮೇಡಂ. "ಊಟ ಆಯ್ತಾ? ಪುಣೆ ಮಾಲು ನಿನ್ನೆ ಸಂಜೆ ಹೊರಟಿದೆ, ಪಾರ್ಟ್-ಬಿ ತುಂಬಿದ್ದಾರೆ. ಅದಕ್ಕಲ್ಲ ಫೋನ್ ಮಾಡಿದ್ದು, ಬರುವಾಗ ಎರಡು ಕೆ.ಜಿ. ಕೆಂಪಕ್ಕಿ ತರ್ತೀರಾ ಅಂತ."

2026ರ ದೀಪಾವಳಿಗೆ ಈಗಾಗಲೇ ಲೆಕ್ಕ ಶುರುವಾಗಿದೆ. ನರಕ ಚತುರ್ದಶಿ ನವೆಂಬರ್ 8, ಭಾನುವಾರವೇ ಬಂದು ಒಂದು ರಜೆ ನುಂಗಿತು. ಬಲಿಪಾಡ್ಯಮಿ 10, ಮಂಗಳವಾರ. ಸೋಮವಾರ ಒಂದು ಹಾಕಿದರೆ ನಾಲ್ಕು ದಿನ. 7ರಿಂದ 15ರವರೆಗೆ ಒಂಬತ್ತು ದಿನ ಬೇಕಂದ್ರೆ 9, 11, 12, 13 ನಾಲ್ಕು ಲೀವು, ನಮ್ಮಂಥ ಸ್ಯಾಂಡ್‌ವಿಚ್ ಕಂಪನಿಯಲ್ಲಿ 10 ಸೇರಿ ಐದು. 3ಬಿ ಈ ಸಲ ಅಡ್ಡ ಬರುವುದಿಲ್ಲ, ಅದು 20ಕ್ಕೆ. ಟಿಡಿಎಸ್ 7ರ ಶನಿವಾರ, ಅದನ್ನು ಮೊದಲೇ ಕಟ್ಟಬಹುದು. ನಡುಮಧ್ಯೆ ಕೂತಿರುವುದು 11ರ ಜಿಎಸ್‌ಟಿಆರ್-1. ಅದು ತಡವಾದರೆ ನಮಗೆ ಲೇಟ್ ಫೀ ಮಾತ್ರ, ಆದರೆ ನಮ್ಮ ಗಿರಾಕಿಗಳ 14ರ 2ಬಿಯಲ್ಲಿ ನಮ್ಮ ಬಿಲ್ಲುಗಳೇ ಇರುವುದಿಲ್ಲ, ಕ್ರೆಡಿಟ್ ಎಲ್ಲಿ ಅಂತ ಅವರು ನಮ್ಮ ಪಾವತಿ ಹಿಡಿಯುತ್ತಾರೆ. ಅಕ್ಟೋಬರ್ ಬಿಲ್ಲುಗಳನ್ನು ನವೆಂಬರ್ 5ರೊಳಗೆ ಪಕ್ಕಾ ಮಾಡಿ 6ರ ಶುಕ್ರವಾರವೇ ಹಾಕಿಬಿಡಬಹುದು, ಶಾಪ್ ಫ್ಲೋರ್‌ನವರು ತಿಂಗಳ ಕೊನೆಯ ಡೆಬಿಟ್ ನೋಟುಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ. ಛಠ್ ಕೂಡ ದೀಪಾವಳಿಯ ಬೆನ್ನಿಗೇ ಬರುತ್ತೆ. ಹುಡುಗನನ್ನು ಕೇಳಿದ್ದೇನೆ, ತಾರೀಕು ನೋಡಿ ಹೇಳ್ತೀನಿ ಅಂದಿದ್ದಾನೆ.